ಎರಡು ಕನ್ಫರ್ಮ್, ಎರಡು ವೇಟಿಂಗ್: ಎರಡು ಕಂತಿನಲ್ಲಿ ಕ್ಯಾನ್ಸಲ್ ಮಾಡಿ ₹720 ಹೋಯಿತು. ಈ ಲೆಕ್ಕ ಸರಿಯಾ?

ಡೊಂಬಿವ್ಲಿಯ ಕುಂದಾಪ್ರದವ
18 ಅಕ್ಟೋಬರ್ 2025, ಬೆಳಿಗ್ಗೆ 9:10

ಎಲ್ಲರಿಗೂ ನಮಸ್ಕಾರ. ದೀಪಾವಳಿಗೆ ಊರಿಗೆ ಹೋಗಬೇಕು ಅಂತ ಆಗಸ್ಟ್‌ನಲ್ಲೇ, ಬುಕಿಂಗ್ ಶುರುವಾದ ದಿನವೇ ಮೊಬೈಲ್ ಹಿಡಿದು ಕುಳಿತಿದ್ದೆ. ಮತ್ಸ್ಯಗಂಧ, ಎಲ್‌ಟಿಟಿಯಿಂದ ಕುಂದಾಪುರ, ಸ್ಲೀಪರ್, ನಾಲ್ಕು ಜನ, ಒಂದೇ ಪಿಎನ್‌ಆರ್. ಅಷ್ಟು ಮಾಡಿದರೂ ಇಬ್ಬರಿಗೆ ಸೀಟು, ಇಬ್ಬರಿಗೆ ವೇಟಿಂಗ್.

ನಿನ್ನೆ ಶುಕ್ರವಾರ ಮಧ್ಯಾಹ್ನ 3:20ಕ್ಕೆ ಗಾಡಿ ಇತ್ತು. ಗುರುವಾರ ರಾತ್ರಿ 9:30ಕ್ಕೆ ನೋಡಿದಾಗಲೂ ವೇಟಿಂಗ್ 9 ಮತ್ತು 10ರಲ್ಲೇ ನಿಂತಿತ್ತು. ಮನೆಯವಳು ಹೇಳಿದಳು, ನೀವು ಮತ್ತು ಮಗ ಹೋಗಿ, ನಾನು ಮತ್ತು ಮಗಳು ಇಲ್ಲೇ ಇರುತ್ತೇವೆ ಅಂತ. ಸರಿ ಅಂತ ಆ ಎರಡು ವೇಟಿಂಗ್ ಹೆಸರು ಮಾತ್ರ ಕ್ಯಾನ್ಸಲ್ ಮಾಡಿದೆ. ತಲೆಗೆ ₹60ರಂತೆ ₹120 ಕಟ್ ಆಯಿತು. ಅದಕ್ಕೆ ನನ್ನ ತಕರಾರಿಲ್ಲ.

ಶುಕ್ರವಾರ ಬೆಳಗಿನ ಜಾವ ಮಗನಿಗೆ ಜ್ವರ ಬಂತು. ಬೆಳಿಗ್ಗೆ 6 ಗಂಟೆಗೆ ಉಳಿದ ಇಬ್ಬರದ್ದನ್ನೂ ಕ್ಯಾನ್ಸಲ್ ಮಾಡಿದೆ. ಅರ್ಧಕ್ಕರ್ಧ ಹೋಯಿತು! ಟಿಕೆಟ್ ತಲೆಗೆ ₹600 ಅಂತ ಇಟ್ಟುಕೊಳ್ಳಿ, ಲೆಕ್ಕ ಸುಲಭ ಆಗುತ್ತದೆ. ಇಬ್ಬರಿಗೆ ₹600 ಕಟ್, ಮೊದಲಿನ ₹120 ಸೇರಿ ₹720.

ಈಗ ನಮ್ಮ ಬಿಲ್ಡಿಂಗ್‌ನ ಒಬ್ಬರು ಹೇಳುತ್ತಿದ್ದಾರೆ, ನಾಲ್ಕನ್ನೂ ಒಟ್ಟಿಗೆ ಕ್ಯಾನ್ಸಲ್ ಮಾಡಿದ್ದರೆ ಬರೀ ₹240 ಹೋಗುತ್ತಿತ್ತು ಅಂತ. ಹೌದಾ? ಕನ್ಫರ್ಮ್ ಆದ ಸೀಟಿಗೆ ಯಾರಾದರೂ ಅಷ್ಟು ಕಡಿಮೆ ಕಟ್ ಮಾಡುತ್ತಾರಾ ಮಾರಾಯ್ರೆ?

ಥಾಣೆ ಶೆಟ್ರು
ಬೆಳಿಗ್ಗೆ 9:32

ನಿಮ್ಮ ಬಿಲ್ಡಿಂಗ್‌ನವರು ಏನೋ ಕಲಸಿಕೊಂಡಿದ್ದಾರೆ. ಕನ್ಫರ್ಮ್ ಟಿಕೆಟ್‌ಗೆ ಗಾಡಿ ಹೊರಡುವ 12 ಗಂಟೆಯಿಂದ 4 ಗಂಟೆಯ ಒಳಗೆ, ಚಾರ್ಟ್ ಆಗುವ ಮೊದಲು ಕ್ಯಾನ್ಸಲ್ ಮಾಡಿದರೆ 50 ಪರ್ಸೆಂಟ್ ಕಟ್. ನೀವು ಮಾಡಿದ್ದು 9 ಗಂಟೆ 20 ನಿಮಿಷ ಮೊದಲು. ₹600ರಲ್ಲಿ ₹300. ಲೆಕ್ಕ ಕರೆಕ್ಟ್ ಇದೆ. ವೇಟಿಂಗ್‌ನವರಿಗೆ ಮಾತ್ರ ₹60.

ಇನ್ನು ಆ ವೇಟಿಂಗ್ ಹೆಸರು ನೀವು ಕೈಯಾರೆ ಕ್ಯಾನ್ಸಲ್ ಮಾಡಬೇಕಾಗಿಯೇ ಇರಲಿಲ್ಲ. ಚಾರ್ಟ್ ಆದ ಮೇಲೆ ವೇಟಿಂಗ್ ತಾನಾಗೇ ಕ್ಯಾನ್ಸಲ್ ಆಗಿ ದುಡ್ಡು ವಾಪಸ್ ಬರುತ್ತದೆ.

ಹಳೇ ಕೌಂಟರ್
ಬೆಳಿಗ್ಗೆ 10:05

ಶೆಟ್ರೇ, ನೀವು ಹೇಳಿದ್ದರಲ್ಲಿ ಅರ್ಧ ಸರಿ. ನಾನು ರಿಸರ್ವೇಶನ್ ಕಿಟಕಿಯ ಒಳಗೆ ಕುಳಿತು ರಿಟೈರ್ ಆದವನು. ಈ ವಿಷಯಕ್ಕೆ ಕಿಟಕಿಯ ಮುಂದೆ ಜಗಳ ಆಗದ ಹಬ್ಬ ಒಂದೂ ಇರಲಿಲ್ಲ.

ಕುಂದಾಪ್ರದವರೇ, ನಿಮ್ಮ ಬಿಲ್ಡಿಂಗ್‌ನವರು ಹೇಳಿದ್ದೇ ಸರಿ. 2015ರ ರೀಫಂಡ್ ನಿಯಮದಲ್ಲಿ ಇದು ಸ್ಪಷ್ಟವಾಗಿ ಇದೆ. ಒಂದೇ ಟಿಕೆಟ್‌ನಲ್ಲಿ ಕೆಲವರಿಗೆ ಕನ್ಫರ್ಮ್, ಇನ್ನು ಕೆಲವರಿಗೆ ಆರ್‌ಎಸಿ ಅಥವಾ ವೇಟಿಂಗ್ ಇದ್ದರೆ, ಇಡೀ ಟಿಕೆಟ್ ಕ್ಯಾನ್ಸಲ್ ಮಾಡಿದಾಗ ಕನ್ಫರ್ಮ್ ಆದವರಿಗೂ ಕ್ಲರ್ಕೇಜ್ ಮಾತ್ರ ಹಿಡಿಯಬೇಕು. ಅಂದರೆ ತಲೆಗೆ ₹60. ಷರತ್ತು ಎರಡೇ. ಎಲ್ಲರ ಹೆಸರೂ ಹೋಗಬೇಕು. ಗಾಡಿ ಹೊರಡುವ ಟೈಮಿಗೆ ಅರ್ಧ ಗಂಟೆ ಮೊದಲೇ ಮುಗಿದಿರಬೇಕು.

ಯಾಕೆ ಹೀಗೆ ಅಂತ ಕೇಳಿದರೆ, ಸಂಸಾರ ಸಮೇತ ಹೋಗುವವರಿಗೆ ಅರ್ಧ ಜನಕ್ಕೆ ಸೀಟು ಕೊಟ್ಟು ಅರ್ಧ ಜನಕ್ಕೆ ಕೊಡದಿದ್ದರೆ ಅವರು ಹೋಗದೆ ಇರುವುದು ಸಹಜ ಅಲ್ವಾ? ಅದು ನಿಮ್ಮ ತಪ್ಪಲ್ಲ. ಹಾಗಾಗಿ 25 ಪರ್ಸೆಂಟ್, 50 ಪರ್ಸೆಂಟ್ ಕೋಷ್ಟಕ ಅಲ್ಲಿಗೆ ಬರುವುದಿಲ್ಲ.

ನೀವು ಎಡವಿದ್ದು ಗುರುವಾರ ರಾತ್ರಿ. ವೇಟಿಂಗ್‌ನ ಇಬ್ಬರನ್ನು ತೆಗೆದ ಕ್ಷಣಕ್ಕೆ ಉಳಿದಿದ್ದು ಪೂರ್ತಿ ಕನ್ಫರ್ಮ್ ಟಿಕೆಟ್. ಮಿಶ್ರ ಟಿಕೆಟ್ ಅನ್ನುವ ರಕ್ಷಣೆ ಅಲ್ಲಿಗೆ ಮುಗಿಯಿತು. ಬೆಳಿಗ್ಗೆ 6ಕ್ಕೆ ಕ್ಯಾನ್ಸಲ್ ಮಾಡಿದ್ದು ಮಾಮೂಲಿ ಇಬ್ಬರ ಕನ್ಫರ್ಮ್ ಟಿಕೆಟ್. ಅದಕ್ಕೆ 50 ಪರ್ಸೆಂಟ್ ಬಿತ್ತು. ಕಂಪ್ಯೂಟರ್ ತಪ್ಪು ಮಾಡಿಲ್ಲ.

ಆ ಎರಡು ವೇಟಿಂಗ್ ಹೆಸರನ್ನು ಹಾಗೇ ಬಿಟ್ಟು, ಬೆಳಿಗ್ಗೆ 6ಕ್ಕೆ ನಾಲ್ಕನ್ನೂ ಒಟ್ಟಿಗೆ ತೆಗೆದಿದ್ದರೆ ₹2,400ರಲ್ಲಿ ₹240 ಹೋಗಿ ₹2,160 ಬರುತ್ತಿತ್ತು. ನಿಮಗೆ ಬರುವುದು ₹1,680. ಸುಮ್ನೆ ₹480 ಕೈಬಿಟ್ಟಿತು.

ಡೊಂಬಿವ್ಲಿಯ ಕುಂದಾಪ್ರದವ
ಬೆಳಿಗ್ಗೆ 10:21

ಅಯ್ಯೋ ದೇವರೇ. ನಾನು ಜಾಣತನ ಮಾಡಿದೆ ಅಂದುಕೊಂಡಿದ್ದೆ. ಬೇಡದ ಸೀಟು ಬೇಗ ಬಿಟ್ಟರೆ ಇನ್ನೊಬ್ಬರಿಗೆ ಆಗುತ್ತದೆ ಅಂತಲೂ ಒಂದು ಮನಸ್ಸು. ಈಗ ಇದನ್ನು ವಾಪಸ್ ಕೇಳುವ ದಾರಿ ಇದೆಯಾ?

ಹಳೇ ಕೌಂಟರ್
ಬೆಳಿಗ್ಗೆ 10:30

ಇಲ್ಲ. ನೀವೇ ಎರಡು ಸಲ ಕ್ಯಾನ್ಸಲ್ ಬಟನ್ ಒತ್ತಿದ್ದೀರಿ, ಎರಡೂ ನಿಯಮದ ಪ್ರಕಾರವೇ ಆಗಿದೆ. ಮತ್ತೆ, ವೇಟಿಂಗ್ ಸೀಟು ಬಿಟ್ಟರೆ ಬೇರೆಯವರಿಗೆ ಸೀಟು ಸಿಗುವುದಿಲ್ಲ ಸ್ವಾಮಿ, ಸರದಿ ಎರಡು ಹೆಜ್ಜೆ ಮುಂದೆ ಹೋಗುತ್ತದೆ ಅಷ್ಟೇ.

ಪುಣೆಯ ಧಾರವಾಡ ಅಜ್ಜ
ಬೆಳಿಗ್ಗೆ 10:48

ನಂದೂ ಇದೇ ಕಥಿ ಐತ್ರೀ. ಹೋದ ತಿಂಗಳು ಪುಣೆಯಿಂದ ಧಾರವಾಡಕ್ಕೆ ಚಾಲುಕ್ಯದಾಗ ನನಗ ಮತ್ತ ನಮ್ಮ ಮನಿಯವರಿಗೆ ಕೌಂಟರ್ ಟಿಕೆಟ್ ತಗದಿದ್ದೆ. ಇಬ್ಬರಿಗೂ ವೇಟಿಂಗ್. ಕನ್ಫರ್ಮ್ ಆಗಲಿಲ್ಲ. ಮಗ ಹೇಳಿದ, ಅಪ್ಪಾ ತಾನಾಗೇ ರೊಕ್ಕ ಬರ್ತದ ಅಂತ. ಮೂರು ದಿನ ಬಿಟ್ಟು ಕಿಟಕಿಗೆ ಹೋದರ ಟೈಮ್ ಮುಗದೈತಿ ಅಂದರು. ಒಂದು ರೂಪಾಯಿ ಬರಲಿಲ್ಲ.

ಹಳೇ ಕೌಂಟರ್
ಬೆಳಿಗ್ಗೆ 11:02

ಅಜ್ಜಾರೇ, ನಿಮ್ಮದು ಬೇರೆ ಕಥೆ, ಆದರೆ ಹೇಳಿದ್ದು ಒಳ್ಳೆಯದಾಯಿತು. ತಾನಾಗೇ ದುಡ್ಡು ಬರುವುದು ಆನ್‌ಲೈನ್ ಟಿಕೆಟ್‌ಗೆ ಮಾತ್ರ. ಕೌಂಟರ್ ಟಿಕೆಟ್‌ನ ಕಾಗದ ನಿಮ್ಮ ಕೈಯಲ್ಲೇ ಇರುತ್ತದೆ. ಅದನ್ನು ನೀವು ಒಪ್ಪಿಸದೆ ಯಾರೂ ಹಣ ಕೊಡುವುದಿಲ್ಲ. ವೇಟಿಂಗ್ ಆದರೆ ಗಾಡಿ ಹೊರಡುವ ಅರ್ಧ ಗಂಟೆ ಮೊದಲು ಕಿಟಕಿಗೆ ಹೋಗಿ ಕೊಡಬೇಕು.

ಹೋಗಲು ಆಗದಿದ್ದರೆ ಇನ್ನೊಂದು ದಾರಿ ಇದೆ. ಐಆರ್‌ಸಿಟಿಸಿ ವೆಬ್‌ಸೈಟ್‌ನಲ್ಲೇ ಕೌಂಟರ್ ಟಿಕೆಟ್ ಕ್ಯಾನ್ಸಲ್ ಮಾಡಬಹುದು, ಇಲ್ಲವೇ 139ಕ್ಕೆ ಫೋನ್ ಮಾಡಬಹುದು. ಫಾರ್ಮ್ ತುಂಬುವಾಗ ಕೊಟ್ಟ ಮೊಬೈಲ್ ನಂಬರಿಗೆ ಒಟಿಪಿ ಬರುತ್ತದೆ. ಆಮೇಲೆ ಕಾಗದ ತೆಗೆದುಕೊಂಡು ಹೋಗಿ ಕಿಟಕಿಯಲ್ಲಿ ಹಣ ಪಡೆಯಬೇಕು. ಫಾರ್ಮ್‌ನಲ್ಲಿ ಮೊಬೈಲ್ ನಂಬರ್ ಬರೆಯದೆ ಬಿಡುವವರು ಬಹಳ, ಅಲ್ಲೇ ಈ ದಾರಿ ಮುಚ್ಚಿಹೋಗುತ್ತದೆ.

ಪುಣೆಯ ಧಾರವಾಡ ಅಜ್ಜ
ಬೆಳಿಗ್ಗೆ 11:09

ನಂಬರ್ ಬರೆದಿದ್ದೆ. ಅದು ಮಗಂದು. ಅವಾ ಬೆಂಗಳೂರಾಗ ಇರ್ತಾನ.

ಪನ್ವೇಲ್ ಗೀತಕ್ಕ
ಬೆಳಿಗ್ಗೆ 11:40

ಕೌಂಟರ್ ಅಣ್ಣ, ಒಂದು ಪ್ರಶ್ನೆ. ಶೆಟ್ರು ಹೇಳಿದ ಹಾಗೆ ಚಾರ್ಟ್ ಆದ ಮೇಲೆ ಮಿಶ್ರ ಟಿಕೆಟ್‌ನ ವೇಟಿಂಗ್ ಹೆಸರು ತಾನಾಗೇ ಕ್ಯಾನ್ಸಲ್ ಆಗುತ್ತದಾ? ನನ್ನ ಅನುಭವ ಹಾಗಿಲ್ಲ. ಮೇ ತಿಂಗಳಲ್ಲಿ ನಾನು, ಅಮ್ಮ, ತಂಗಿ ಉಡುಪಿಗೆ ಹೊರಟಿದ್ದೆವು. ತಂಗಿಯದು ಮಾತ್ರ ವೇಟಿಂಗ್ ಉಳಿಯಿತು. ಅವಳು ಬಸ್ಸಿಗೆ ಬಂದಳು. ಅವಳ ದುಡ್ಡು ತಾನಾಗೇ ಬರುತ್ತದೆ ಅಂತ ಕಾಯ್ದೆ. ಬರಲೇ ಇಲ್ಲ.

ಹಳೇ ಕೌಂಟರ್
ಮಧ್ಯಾಹ್ನ 12:15

ಬರುವುದಿಲ್ಲ ತಂಗಿ. ಶೆಟ್ರು ಅರ್ಧ ಸರಿ ಅಂದದ್ದು ಇದಕ್ಕೇ. ಪಿಎನ್‌ಆರ್‌ನಲ್ಲಿ ಇರುವ ಎಲ್ಲರೂ ವೇಟಿಂಗ್‌ನಲ್ಲೇ ಉಳಿದರೆ ಮಾತ್ರ ಚಾರ್ಟ್‌ನಿಂದ ಹೆಸರು ಬಿದ್ದು ಹಣ ತಾನಾಗೇ ವಾಪಸ್ ಬರುತ್ತದೆ. ಒಬ್ಬರಿಗೆ ಕನ್ಫರ್ಮ್ ಅಥವಾ ಆರ್‌ಎಸಿ ಆದರೂ ಸಾಕು, ಆ ಪಿಎನ್‌ಆರ್ ಜೀವಂತ. ವೇಟಿಂಗ್‌ನವರ ಹೆಸರೂ ಚಾರ್ಟ್‌ನಲ್ಲಿ ಇರುತ್ತದೆ. ರೈಲ್ವೆ ಲೆಕ್ಕದಲ್ಲಿ ನಿಮ್ಮ ತಂಗಿ ಪ್ರಯಾಣ ಮಾಡಿದ್ದಾರೋ ಇಲ್ಲವೋ ಗೊತ್ತಿಲ್ಲ.

ಅದಕ್ಕೆ ಸಾಕ್ಷಿ ಬೇಕು. ಗಾಡಿಯಲ್ಲಿ ಟಿಟಿ ಬಂದಾಗ, ಈ ಹೆಸರಿನವರು ಬಂದಿಲ್ಲ ಅಂತ ಸರ್ಟಿಫಿಕೇಟ್ ಬರೆಸಿಕೊಳ್ಳಬೇಕು. ಗಾಡಿ ನಿಮ್ಮ ಊರು ತಲುಪಿದ 72 ಗಂಟೆಯ ಒಳಗೆ ಆನ್‌ಲೈನ್‌ನಲ್ಲಿ ಟಿಡಿಆರ್, ಅಂದರೆ ರೀಫಂಡ್ ಕೇಳುವ ಅರ್ಜಿ, ಹಾಕಬೇಕು. ಕೆಲವರಿಗೆ ಕನ್ಫರ್ಮ್, ವೇಟಿಂಗ್‌ನವರು ಪ್ರಯಾಣಿಸಿಲ್ಲ ಅನ್ನುವ ಅರ್ಥದ ಕಾರಣ ಅಲ್ಲಿ ಪಟ್ಟಿಯಲ್ಲಿ ಸಿಗುತ್ತದೆ, ಅದನ್ನೇ ಆರಿಸಬೇಕು. ಮೂಲ ಸರ್ಟಿಫಿಕೇಟ್ ಅನ್ನು ಪೋಸ್ಟ್‌ನಲ್ಲಿ ದೆಹಲಿಗೆ, ಐಆರ್‌ಸಿಟಿಸಿ ವಿಳಾಸಕ್ಕೆ ಕಳಿಸಬೇಕು. ಕಳಿಸುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ.

ಪನ್ವೇಲ್ ಗೀತಕ್ಕ
ಮಧ್ಯಾಹ್ನ 12:22

ಟಿಟಿ ಹತ್ತಿರ ಹೇಳಿದ್ದೆ ಅಣ್ಣ. ಅವರು ಕೈಯಲ್ಲಿದ್ದ ಮಷೀನ್‌ನಲ್ಲಿ ಏನೋ ಒತ್ತಿ, ಆಯ್ತು ಬಿಡಿ ಅಂದರು. ಕಾಗದ ಕೊಡಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಟಿಡಿಆರ್ ಹಾಕಿದೆ. ಸರ್ಟಿಫಿಕೇಟ್ ಇಲ್ಲ ಅಂತ ಆಗಲಿಲ್ಲ.

ವಾಸ್ಕೊ ಬಸು
ಮಧ್ಯಾಹ್ನ 12:50

ನನಗೆ ಉಲ್ಟಾ ಆಯಿತು ಅಕ್ಕಾ. ವಾಸ್ಕೊದಿಂದ ಹುಬ್ಬಳ್ಳಿಗೆ ಬರುವಾಗ ನಮ್ಮ ಗೆಳೆಯ ಒಬ್ಬ ಬರಲಿಲ್ಲ, ಅವನದು ವೇಟಿಂಗ್. ಟಿಟಿ ಮಷೀನ್‌ನಲ್ಲಿ ಬಂದಿಲ್ಲ ಅಂತ ಹಾಕಿಕೊಂಡರು. ನಾನು ಕಾಗದ ಇಲ್ಲದೆ ಟಿಡಿಆರ್ ಹಾಕಿದೆ. ಎರಡೂವರೆ ತಿಂಗಳು ಬಿಟ್ಟು ದುಡ್ಡು ಬಂತು. ಹಾಗಾಗಿ ಕಾಗದ ಈಗ ಬೇಕಾಗಿಲ್ಲ ಅಂತ ನನ್ನ ಅನಿಸಿಕೆ.

ಹಳೇ ಕೌಂಟರ್
ಮಧ್ಯಾಹ್ನ 1:10

ಬಸು, ನಿನಗೆ ಬಂದಿದ್ದು ಸಂತೋಷ. ಗೀತಕ್ಕನಿಗೆ ಬರಲಿಲ್ಲ ನೋಡು. ನಾನಿದ್ದಾಗ ಆ ಮಷೀನ್ ಇರಲಿಲ್ಲ. ನಿಯಮದಲ್ಲಿ ಕಾಗದದ ಮಾತು ಇದೆ. ಕೇಳಿ ಇಟ್ಟುಕೊಂಡರೆ ನಷ್ಟ ಏನಿಲ್ಲ. ಕೊಡದಿದ್ದರೆ ಟಿಟಿಯ ಹೆಸರು, ಕೋಚ್ ನಂಬರ್, ಯಾವ ಸ್ಟೇಷನ್ ದಾಟಿದಾಗ ಹೇಳಿದಿರಿ ಅನ್ನುವುದನ್ನಾದರೂ ಬರೆದಿಟ್ಟುಕೊಳ್ಳಿ.

ಥಾಣೆ ಶೆಟ್ರು
ಮಧ್ಯಾಹ್ನ 1:35

ಒಪ್ಪಿದೆ, ನನ್ನದು ತಪ್ಪಾಯಿತು. ನಾನು ಯಾವಾಗಲೂ ಒಬ್ಬನೇ ಓಡಾಡುವವನು, ಹಾಗಾಗಿ ತಾನಾಗೇ ಬರುತ್ತಿತ್ತು. ಆದರೂ ಒಂದು ಮಾತು. ನಾಲ್ಕೂ ಜನರದ್ದನ್ನು ₹240ಕ್ಕೆ ಕ್ಯಾನ್ಸಲ್ ಮಾಡಬಹುದು ಅಂತಾದರೆ, ಚಾರ್ಟ್ ಆಗುವ ತನಕ ಸುಮ್ನೆ ಕಾದು ಕೂರಬಹುದಲ್ಲ? ಸೀಟು ಆದರೆ ಹೋಗುವುದು, ಇಲ್ಲದಿದ್ದರೆ ₹240 ಕೊಟ್ಟು ಮನೆಯಲ್ಲಿ ಇರುವುದು.

ಹಳೇ ಕೌಂಟರ್
ಮಧ್ಯಾಹ್ನ 2:20

ಹೋಗುವ ಮನಸ್ಸು ಇದ್ದರೆ ಕಾಯಿರಿ. ಹೋಗುವುದಿಲ್ಲ ಅಂತ ಗಟ್ಟಿಯಾದ ಮೇಲೆ ಚಾರ್ಟ್‌ಗೆ ಕಾಯುವುದು ಜೂಜು.

ಕುಂದಾಪ್ರದವರ ಟಿಕೆಟನ್ನೇ ತೆಗೆದುಕೊಳ್ಳಿ. ಮಗನಿಗೆ ಜ್ವರ ಬಂದಿದೆ, ಯಾರೂ ಹೋಗುವುದಿಲ್ಲ. ವೇಟಿಂಗ್ ಹೆಸರು ಇನ್ನೂ ಟಿಕೆಟ್‌ನಲ್ಲಿ ಇದೆ ಅಂತ ಇಟ್ಟುಕೊಳ್ಳಿ. ಮೊದಲು ಚಾರ್ಟ್ 4 ಗಂಟೆ ಮುಂಚೆ ಆಗುತ್ತಿತ್ತು. ಈ ವರ್ಷ ಜುಲೈಯಿಂದ 8 ಗಂಟೆ ಮುಂಚೆಯೇ ಆಗುತ್ತಿದೆ. ಅಂದರೆ 3:20ರ ಗಾಡಿಗೆ ಬೆಳಿಗ್ಗೆ ಏಳೂವರೆ ಹೊತ್ತಿಗೆ ಚಾರ್ಟ್ ಬಂದುಬಿಡುತ್ತದೆ.

ಚಾರ್ಟ್‌ನಲ್ಲಿ ಆ ಇಬ್ಬರೂ ವೇಟಿಂಗ್‌ನಲ್ಲೇ ಉಳಿದರೆ, ಅಥವಾ ಆರ್‌ಎಸಿಗೆ ಬಂದು ನಿಂತರೆ, ನೀವು ಬಚಾವ್. ಆಗ ಕ್ಯಾನ್ಸಲ್ ಬಟನ್ ಕೆಲಸ ಮಾಡುವುದಿಲ್ಲ, ಟಿಡಿಆರ್ ಹಾಕಬೇಕು. ನಾಲ್ಕೂ ಹೆಸರಿಗೆ ಟಿಕ್ ಹಾಕಿ, ಯಾರೂ ಪ್ರಯಾಣಿಸಿಲ್ಲ ಅನ್ನುವ ಕಾರಣ ಆರಿಸಿ, ಮಧ್ಯಾಹ್ನ 2:50ರ ಒಳಗೆ ಸಲ್ಲಿಸಬೇಕು. ಹಣ ಬರಲು ತಿಂಗಳುಗಟ್ಟಲೆ ಆಗಬಹುದು, ಆದರೆ ಹಕ್ಕು ಇದೆ.

ಚಾರ್ಟ್‌ನಲ್ಲಿ ಆ ಇಬ್ಬರಿಗೂ ಸೀಟು ಸಿಕ್ಕಿತು ಅನ್ನಿ. ಹಬ್ಬದ ದಿನ ವೇಟಿಂಗ್ 9, 10 ಕ್ಲಿಯರ್ ಆಗುವುದು ದೊಡ್ಡ ಮಾತಲ್ಲ, ಕಡೇ ಗಳಿಗೆಯಲ್ಲಿ ಬಹಳ ಜನ ಬಿಡುತ್ತಾರೆ. ಆಗ ನಾಲ್ಕೂ ಕನ್ಫರ್ಮ್. ಚಾರ್ಟ್ ಆಗಿದೆ, ಕನ್ಫರ್ಮ್ ಟಿಕೆಟ್‌ಗೆ ಚಾರ್ಟ್ ಆದ ಮೇಲೆ ರೀಫಂಡ್ ಇಲ್ಲ. ₹2,400 ಪೂರ್ತಿ ಹೋಯಿತು! ಎಲ್ಲರಿಗೂ ಸೀಟು ಸಿಗಲಿ ಅಂತ ಎರಡು ತಿಂಗಳು ದೇವರಿಗೆ ಕೈ ಮುಗಿದಿದ್ದೀರಿ, ಅದು ಸಿಕ್ಕಿದ ದಿನವೇ ಹಣ ಮುಳುಗಿತು.

ಹೋಗುವುದಿಲ್ಲ ಅಂತ ಆದರೆ, ವೇಟಿಂಗ್ ಇನ್ನೂ ವೇಟಿಂಗ್ ಆಗಿರುವಾಗಲೇ, ಚಾರ್ಟ್‌ಗೆ ಮೊದಲೇ, ನಾಲ್ಕನ್ನೂ ಒಂದೇ ಸಲ ತೆಗೆಯಿರಿ. ಒತ್ತುವ ಮೊದಲು ಒಮ್ಮೆ ಸ್ಟೇಟಸ್ ನೋಡಿ. ಇಬ್ಬರ ಮುಂದೆ `CNF`, ಇಬ್ಬರ ಮುಂದೆ `WL` ಇದ್ದರೆ ಮಾತ್ರ ಈ ಲೆಕ್ಕ. ರಾತ್ರೋರಾತ್ರಿ ನಾಲ್ಕೂ `CNF` ಆಗಿದ್ದರೆ ಮಾಮೂಲಿ ಕೋಷ್ಟಕವೇ.

ಮೀರಾ ರೋಡ್ ಶಶಿ
ಮಧ್ಯಾಹ್ನ 3:05

ತತ್ಕಾಲ್‌ಗೆ ಒಂದು ಪೈಸೆ ಬರಲ್ಲ ಅಲ್ವಾ? ಹಾಗಾದರೆ ಇಷ್ಟೆಲ್ಲಾ ಮಾತು ಯಾಕೆ?

ಹಳೇ ಕೌಂಟರ್
ಮಧ್ಯಾಹ್ನ 3:18

ಇಲ್ಲಿ ಮಾತಾಡುತ್ತಿರುವುದು ತತ್ಕಾಲ್ ಅಲ್ಲ ಶಶಿ. ಕನ್ಫರ್ಮ್ ಆದ ತತ್ಕಾಲ್‌ಗೆ ಬರುವುದಿಲ್ಲ, ನಿಜ. ಪೂರ್ತಿ ವೇಟಿಂಗ್‌ನಲ್ಲೇ ಉಳಿದ ತತ್ಕಾಲ್ ಆನ್‌ಲೈನ್ ಟಿಕೆಟ್‌ಗೆ ಕ್ಲರ್ಕೇಜ್ ಹಿಡಿದು ಬರುತ್ತದೆ.

ಚೆಂಬೂರು ವಿದ್ಯಾ
ಸಂಜೆ 4:40

ನಾನು ಒಂದು ಬೇರೆ ಲೆಕ್ಕ ಹೇಳುತ್ತೇನೆ. ಹಬ್ಬಕ್ಕೆ ನಾವು ಯಾವಾಗಲೂ ಇಬ್ಬಿಬ್ಬರದ್ದು ಬೇರೆ ಬೇರೆ ಪಿಎನ್‌ಆರ್ ಮಾಡುತ್ತೇವೆ. ಒಂದು ಕನ್ಫರ್ಮ್ ಆಗಿ, ಇನ್ನೊಂದು ಪೂರ್ತಿ ವೇಟಿಂಗ್ ಉಳಿದರೆ ಅದು ತಾನಾಗೇ ಕ್ಯಾನ್ಸಲ್ ಆಗುತ್ತದೆ. ಟಿಟಿ ಹಿಂದೆ ಓಡುವುದು ಬೇಡ, ದೆಹಲಿಗೆ ಪೋಸ್ಟ್ ಬೇಡ. ಗೀತಕ್ಕನ ತಂಗಿಯದು ಬೇರೆ ಟಿಕೆಟ್ ಆಗಿದ್ದರೆ ನಾಲ್ಕೈದು ದಿನದಲ್ಲಿ ದುಡ್ಡು ಬಂದುಬಿಡುತ್ತಿತ್ತು.

ಡೊಂಬಿವ್ಲಿಯ ಕುಂದಾಪ್ರದವ
ಸಂಜೆ 5:02

ಆದರೆ ಆಗ ನನ್ನ ಹಾಗೆ ಎಲ್ಲರೂ ಉಳಿದರೆ ಕನ್ಫರ್ಮ್ ಪಿಎನ್‌ಆರ್‌ಗೆ 50 ಪರ್ಸೆಂಟ್ ಹೋಗುತ್ತದಲ್ಲ ವಿದ್ಯಾ ಮೇಡಂ? ಒಂದೇ ಟಿಕೆಟ್ ಇದ್ದರೆ ₹60ರಲ್ಲಿ ಮುಗಿಯುತ್ತದೆ.

ಚೆಂಬೂರು ವಿದ್ಯಾ
ಸಂಜೆ 5:11

ಹೌದು. ನಮ್ಮ ಮನೆಯಲ್ಲಿ ಸೀಟು ಸಿಕ್ಕವರು ಹೋಗೇ ಹೋಗುತ್ತಾರೆ. ಯಾರ ಜ್ವರಕ್ಕೂ ನಿಲ್ಲುವುದಿಲ್ಲ. ಅದಕ್ಕೆ ನಮಗೆ ಬೇರೆ ಬೇರೆ ಮಾಡಿದರೇ ಲಾಭ.

ಹಳೇ ಕೌಂಟರ್
ಸಂಜೆ 6:00

ಎರಡೂ ಸರಿ. ಹೋದರೆ ಎಲ್ಲರೂ, ಇಲ್ಲದಿದ್ದರೆ ಯಾರೂ ಇಲ್ಲ ಅನ್ನುವ ಮನೆಯವರು ಒಂದೇ ಪಿಎನ್‌ಆರ್ ಮಾಡಲಿ. ಸೀಟು ಸಿಕ್ಕವರು ಹೊರಡುವ ಮನೆಯವರು ಬೇರೆ ಮಾಡಲಿ.

ಮಿಶ್ರ ಟಿಕೆಟ್‌ನ ತಲೆನೋವೇ ಬೇಡ ಅನ್ನುವವರಿಗೆ, ಬುಕ್ ಮಾಡುವಾಗ ಎಲ್ಲರಿಗೂ ಕನ್ಫರ್ಮ್ ಸೀಟು ಇದ್ದರೆ ಮಾತ್ರ ಬುಕ್ ಮಾಡು ಅನ್ನುವ ಒಂದು ಚೌಕ ಇರುತ್ತದೆ. ಅದಕ್ಕೆ ಟಿಕ್ ಹಾಕಿ. ಆದರೆ ಹಬ್ಬದ ಟೈಮಲ್ಲಿ ಟಿಕ್ ಹಾಕಿದರೆ ಟಿಕೆಟ್ಟೇ ಆಗದೆ ಇರುವುದು ಹೆಚ್ಚು.

ಇನ್ನೊಂದು. ₹60 ಅಂತ ಹೇಳುತ್ತಿರುವುದು ಸ್ಲೀಪರ್ ಲೆಕ್ಕ. ಏಸಿ ಆದರೆ ಅದರ ಮೇಲೆ ಜಿಎಸ್‌ಟಿ ಸೇರುತ್ತದೆ. ಬುಕ್ ಮಾಡುವಾಗ ಕೊಟ್ಟ ಕನ್ವೀನಿಯನ್ಸ್ ಫೀ ಯಾವುದಕ್ಕೂ ವಾಪಸ್ ಇಲ್ಲ. ಸ್ಲೀಪರ್‌ಗೆ ಯುಪಿಐನಲ್ಲಿ ಕೊಟ್ಟರೆ ₹10, ಕಾರ್ಡ್‌ನಲ್ಲಿ ಕೊಟ್ಟರೆ ₹15, ಅದರ ಮೇಲೆ ಜಿಎಸ್‌ಟಿ. ನಾಲ್ಕು ಜನಕ್ಕೆ ಒಂದು ಟಿಕೆಟ್ ಆದರೆ ಒಂದು ಸಲ, ಎರಡು ಟಿಕೆಟ್ ಆದರೆ ಎರಡು ಸಲ.

ವಾಸ್ಕೊ ಬಸು
ಸಂಜೆ 6:25

ಮಾಮಾ, ಮಿಶ್ರ ಟಿಕೆಟ್‌ನ ವೇಟಿಂಗ್‌ನವರು ಗಾಡಿ ಹತ್ತಬಹುದಾ? ಹೆಸರು ಚಾರ್ಟ್‌ನಲ್ಲಿ ಇದೆ ಅಂದಿರಿ. ನಾವು ಮೂವರು ಎರಡು ಸೀಟಿನಲ್ಲಿ ಅಡ್ಜಸ್ಟ್ ಮಾಡಿಕೊಂಡು ಹೋಗಿದ್ದೇವೆ, ಟಿಟಿ ಏನೂ ಅನ್ನಲಿಲ್ಲ.

ಪನ್ವೇಲ್ ಗೀತಕ್ಕ
ಸಂಜೆ 6:31

ನಮ್ಮ ಎದುರಿನ ಸೀಟಿನವರಿಗೆ ಚಿಪ್ಳೂಣ್‌ನಲ್ಲಿ ಇಳಿದು ಜನರಲ್‌ಗೆ ಹೋಗಿ ಅಂದರು ಬಸು. ಅವರದೂ ನಿಮ್ಮ ಥರದ್ದೇ ಟಿಕೆಟ್.

ಹಳೇ ಕೌಂಟರ್
ಸಂಜೆ 6:50

ಚಾರ್ಟ್‌ನಲ್ಲಿ ಹೆಸರಿದ್ದರೆ ಟಿಕೆಟ್ ಇಲ್ಲದವರು ಅನ್ನಿಸಿಕೊಳ್ಳುವುದಿಲ್ಲ. ಸೀಟು ಮಾತ್ರ ಕೇಳುವ ಹಾಗಿಲ್ಲ. ಉಳಿದದ್ದು ಆ ದಿನದ ಟಿಟಿ ಮತ್ತು ಕೋಚ್‌ನ ರಶ್ ನೋಡಿ ನಡೆಯುತ್ತದೆ. ನಾನು ಕಿಟಕಿಯ ಒಳಗಿದ್ದವನು ಬಸು, ಗಾಡಿಯ ಒಳಗಿನ ನ್ಯಾಯ ಹೇಳಲಾರೆ.

ಡೊಂಬಿವ್ಲಿಯ ಕುಂದಾಪ್ರದವ
19 ಅಕ್ಟೋಬರ್, ಬೆಳಿಗ್ಗೆ 8:15

ಮಗನ ಜ್ವರ ಇಳಿದಿದೆ. ಈಗ ಬಸ್ಸಿಗೆ ಹೋಗೋಣ ಅಂತ ಹಟ ಹಿಡಿದಿದ್ದಾನೆ. ಬಸ್ಸಿನ ರೇಟು ನೋಡಿ ನನಗೇ ಜ್ವರ ಬರುವ ಹಾಗಿದೆ. ಕೌಂಟರ್ ಅಣ್ಣ, ಡಿಸೆಂಬರ್ ಕಡೇ ವಾರಕ್ಕೆ ನಾಲ್ಕು ಜನರದ್ದು ಬುಕ್ ಮಾಡುವವನಿದ್ದೇನೆ. ಒಂದೇ ಪಿಎನ್‌ಆರ್ ಮಾಡುತ್ತೇನೆ. ಕ್ಯಾನ್ಸಲ್ ಮಾಡುವ ಹೊತ್ತು ಬಂದರೆ ಮೊದಲು ಇಲ್ಲಿ ಕೇಳುತ್ತೇನೆ.

ಹಳೇ ಕೌಂಟರ್
ಬೆಳಿಗ್ಗೆ 8:40

ಕೇಳಿ. ಆದರೆ ಚಾರ್ಟ್ ಆಗುವ ಮೊದಲು ಕೇಳಿ.